‘ಒರಿಜಿನಲ್ ಏನ್ರೀ?’ ಅಂದರೆ ಏನು ಬರೆಯಬೇಕು?

ಪ್ರಶ್ನೆ: ಸರ್, ನಮ್ಮ ಕಾಕಾ ಖಡೇಬಜಾರದಾಗ ಮೂವತ್ತು ವರ್ಷ ವಾಚ್ ರಿಪೇರಿ ಮಾಡ್ತಿದ್ರು. ಹೋದ ವರ್ಷ ತೀರಿಕೊಂಡ್ರು. ಅಂಗಡಿ ಖಾಲಿ ಮಾಡುವಾಗ 34 ಹಳೇ ವಾಚು ಸಿಕ್ಕವು. ಜಾಸ್ತಿ ಎಚ್‌ಎಂಟಿ, ಎರಡರ ಮ್ಯಾಲೆ ಓಮೆಗಾ ಅಂತ ಐತಿ. ಒಂದಕ್ಕೂ ಬಿಲ್ ಇಲ್ಲ. ಆನ್‌ಲೈನ್‌ನಾಗ ಮಾರಬೇಕು ಅಂತ ಮಾಡೀನಿ. ಎಲ್ಲಾರೂ ‘ಒರಿಜಿನಲ್ ಏನ್ರೀ’ ಅಂತಾರ. ಹೌದು ಅಂದ್ರ ನಾಳೆ ಸಿಕ್ಕಿಬೀಳ್ತೀನಿ, ಗೊತ್ತಿಲ್ಲ ಅಂದ್ರ ಯಾರೂ ತಗೊಳ್ಳಂಗಿಲ್ಲ. ಗೆಳೆಯ ‘ಫಸ್ಟ್ ಕಾಪಿ’ ಅಂತ ಬರಿ, ಸೇಫ್ ಅಂತಾನ. ಏನು ಬರೀಲಿ?
— ಶಹಾಪುರ, ಬೆಳಗಾವಿಯಿಂದ ಒಬ್ಬ ಓದುಗರು

ಉತ್ತರ: ಬರೆಯುವುದಕ್ಕಿಂತ ಮೊದಲು ಆ 34 ವಾಚುಗಳನ್ನು ಮೇಜಿನ ಮೇಲೆ ಹರಡಿ ನೋಡಿ. ದಾರದಲ್ಲಿ ಚೀಟಿ ಕಟ್ಟಿದ್ದು, ಹೆಸರೋ ಫೋನ್ ನಂಬರೋ ಬರೆದದ್ದು ಇದ್ದರೆ ಪಕ್ಕಕ್ಕಿಡಿ. ಅವು ರಿಪೇರಿಗೆ ಬಂದು ಉಳಿದ ಗಿರಾಕಿಗಳ ವಾಚುಗಳು. ಕಾಕಾ ಅವರ ರಿಪೇರಿ ಪುಸ್ತಕ ಸಿಕ್ಕರೆ ಹುಡುಕಿ ಫೋನ್ ಮಾಡಿ. ನಿಮ್ಮದಲ್ಲದ ವಾಚಿಗೆ ಎಂಥ ಮಾತು ಬರೆದರೂ ಅದು ನಿಮ್ಮದಾಗುವುದಿಲ್ಲ.

ಈಗ ಉಳಿದವುಗಳ ಮಾತು. ಹಳೇ ವಾಚಿನ ವಿಷಯದಲ್ಲಿ ‘ಒರಿಜಿನಲ್’ ಅನ್ನುವುದು ಒಂದೇ ಶಬ್ದವಾದರೂ ಅದರೊಳಗೆ ನಾಲ್ಕೈದು ಮಾತು ಸೇರಿಕೊಂಡಿವೆ. ಒಳಗಿನ ಮಷಿನ್ ಕಂಪನಿಯದೇ? ಡಯಲ್ ಕಾರ್ಖಾನೆಯಿಂದ ಬಂದ ಹಾಗೇ ಇದೆಯೇ? ಮುಳ್ಳು, ಗ್ಲಾಸು, ಚಾವಿ ಬದಲಾಗಿವೆಯೇ? ಇವೆಲ್ಲ ಒಂದೇ ವಾಚಿನವೇ, ಇಲ್ಲಾ ಮೂರು ವಾಚು ಕೂಡಿಸಿ ಒಂದು ಮಾಡಿದ್ದೇ? ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಶುರು ಮಾಡಿತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರ ಜನವರಿಯಲ್ಲಿ. ಅಷ್ಟು ವರ್ಷ ಓಡಿದ ವಾಚುಗಳು ಎಷ್ಟು ರಿಪೇರಿಯವರ ಕೈ ದಾಟಿರಬೇಡ! ಬಣ್ಣ ಹೋದ ಡಯಲ್ ತೊಳೆದು ಮತ್ತೆ ಬಣ್ಣ ಹೊಡೆದು, ಹೆಸರು ಅಚ್ಚು ಹಾಕಿಸುವುದು ಈ ಕಸುಬಿನಲ್ಲಿ ಮಾಮೂಲಿ. ಅದಕ್ಕೆ ರೀಡಯಲ್ ಅನ್ನುತ್ತಾರೆ. ಹೀಗಾಗಿ ಮಷಿನ್ ಅಪ್ಪಟ ಎಚ್‌ಎಂಟಿ, ಡಯಲ್ ನಿನ್ನೆ ಮೊನ್ನೆಯದು, ಹೀಗಿರುವ ವಾಚುಗಳು ಬೇಕಾದಷ್ಟಿವೆ. ಇಂಥದ್ದಕ್ಕೆ ಹೌದು ಅಂದರೂ ಸುಳ್ಳು, ಇಲ್ಲ ಅಂದರೂ ಸುಳ್ಳು.

ಆದ್ದರಿಂದ ಆ ಶಬ್ದವನ್ನೇ ಬಿಡಿ. ಬಿಡುವುದಕ್ಕೆ ಕಾನೂನಿನ ಕಾರಣವೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಕಲಿ ಸರಕು ಅಂದರೆ ಏನು ಅಂತ ಒಂದೇ ಸಾಲಿನಲ್ಲಿ ಹೇಳಿದ್ದಾರೆ: ಅಸಲಿ ಎಂದು ಸುಳ್ಳಾಗಿ ಹೇಳಿಕೊಂಡ ಸರಕು. ಇಲ್ಲಿ ಒತ್ತು ‘ಹೇಳಿಕೊಂಡ’ ಅನ್ನುವುದರ ಮೇಲಿದೆ. ರೀಡಯಲ್ ಆದ ಎಚ್‌ಎಂಟಿ ಜನತಾ ವಾಚನ್ನು ರೀಡಯಲ್ ಆದದ್ದು ಅಂತಲೇ ತೋರಿಸಿ ಮಾರುವುದು ಒಂದು. ಅದೇ ವಾಚಿಗೆ ನೀವು ‘ನೂರಕ್ಕೆ ನೂರು ಒರಿಜಿನಲ್’ ಅಂತ ಬರೆದ ಕೂಡಲೇ ಅದು ಇನ್ನೊಂದು ಸಾಲಿಗೆ ಸೇರುತ್ತದೆ.

ಗೆಳೆಯರ ಸಲಹೆ ಮಾತ್ರ ಬೇಡವೇ ಬೇಡ. ‘ಫಸ್ಟ್ ಕಾಪಿ’, ‘ಮಾಸ್ಟರ್ ಕಾಪಿ’ ಅಂತ ಬರೆದರೆ ಪ್ರಾಮಾಣಿಕವಾಗಿ ಹೇಳಿದ ಹಾಗೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಉಲ್ಟಾ. ಬೇರೆಯವರ ಟ್ರೇಡ್‌ಮಾರ್ಕ್ ಸುಳ್ಳಾಗಿ ಹಾಕಿದ ಸರಕು ಮಾರುವುದೇ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 104ನೇ ಕಲಮಿನಡಿ ಅಪರಾಧ. ಕೊಂಡವರಿಗೆ ಗೊತ್ತಿತ್ತೋ ಇಲ್ಲವೋ ಅನ್ನುವುದು ಅಲ್ಲಿ ನಿಮ್ಮನ್ನು ಉಳಿಸುವುದಿಲ್ಲ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಆ ಕಲಮಿನಲ್ಲೇ ಮಾರಾಟಗಾರನಿಗೆ ಒಂದು ದಾರಿಯನ್ನೂ ಬಿಟ್ಟಿದ್ದಾರೆ: ನಾನು ಬೇಕಾದ ಎಚ್ಚರ ವಹಿಸಿದ್ದೆ, ಅನುಮಾನ ಪಡಲು ನನಗೆ ಕಾರಣವೇ ಇರಲಿಲ್ಲ ಎಂದು ತೋರಿಸಿದರೆ ಪಾರಾಗಬಹುದು. ‘ಕಾಪಿ’ ಅಂತ ನಿಮ್ಮ ಕೈಯಾರೆ ಬರೆದ ಮೇಲೆ ಆ ದಾರಿ ಮುಚ್ಚಿಹೋಯಿತು ಅಲ್ವಾ?

ಹಾಗಾದರೆ ಏನು ಬರೆಯಬೇಕು? ಕಣ್ಣಿಗೆ ಕಂಡದ್ದು, ವಾಚು ಎಲ್ಲಿಂದ ಬಂತು ಅನ್ನುವುದು, ನೋಡಲು ಆಗದೇ ಇದ್ದದ್ದು. ಈ ಮೂರನ್ನು ಬೇರೆ ಬೇರೆ ಇಡಬೇಕು. ನಿಮ್ಮಲ್ಲಿರುವ ಒಂದು ಜನತಾ ವಾಚನ್ನೇ ತೆಗೆದುಕೊಳ್ಳೋಣ. ಕಾಕಾ ಅವರ ಜೊತೆಗಾರರು ಯಾರಾದರೂ ಗಣಪತ ಗಲ್ಲಿ ಕಡೆ ಇನ್ನೂ ಕೂತಿದ್ದರೆ ಅವರ ಹತ್ತಿರ ಹಿಂದಿನ ಮುಚ್ಚಳ ತೆಗೆಸಿ. ಮನೆಯಲ್ಲಿ ಚಾಕು ಹಾಕಿ ತೆಗೆಯಬೇಡಿ, ಗೀರು ಬಿದ್ದರೆ ಬೆಲೆ ಹೋಗುತ್ತದೆ. ಜನತಾ ಚಾವಿ ಕೊಡುವ ವಾಚು. ಒಳಗೆ ಇರಬೇಕಾದದ್ದು 17 ಜ್ಯುವೆಲ್‌ನ 0231 ಮಾದರಿಯ ಮಷಿನ್. ಮಷಿನ್ ಮೇಲೆ ಕಂಪನಿಯ ಹೆಸರು, ನಂಬರು ಕೊರೆದಿದ್ದರೆ ಹತ್ತಿರದಿಂದ ಫೋಟೊ ತೆಗೆಯಿರಿ. ಆಮೇಲೆ ಭೂತಗನ್ನಡಿ ಹಿಡಿದು ಡಯಲ್ ನೋಡಿ. ಅಕ್ಷರದ ಅಂಚು ಹರಡಿಕೊಂಡಿದ್ದರೆ, ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಕೂಡದಿದ್ದರೆ, ಕೇಸು ಸವೆದು ಹೋಗಿದ್ದರೂ ಡಯಲ್ ಮಾತ್ರ ಹೊಸ ಮದುಮಗಳ ಹಾಗೆ ಹೊಳೆಯುತ್ತಿದ್ದರೆ ಅದು ರೀಡಯಲ್ ಇರುವ ಸಾಧ್ಯತೆ ಹೆಚ್ಚು.

ಇಷ್ಟು ನೋಡಿದ ಮೇಲೆ ಬರೆಯುವ ಮಾತು ಹೀಗಿರಬಹುದು:

“ಡಯಲ್ ಮೇಲೆ ‘ಎಚ್‌ಎಂಟಿ ಜನತಾ’ ಎಂದಿರುವ, ಬಳಸಿದ, ಚಾವಿ ಕೊಡುವ ವಾಚು. ನಮ್ಮ ಕಾಕಾ ಅವರ ರಿಪೇರಿ ಅಂಗಡಿಯಲ್ಲಿ ಉಳಿದದ್ದು. ಬಿಲ್, ಡಬ್ಬಿ, ವಾರಂಟಿ ಕಾರ್ಡ್ ಇಲ್ಲ. ಮುಚ್ಚಳ ತೆಗೆಸಿ ನೋಡಿದ್ದೇವೆ: ಮಷಿನ್ ಮೇಲೆ ಎಚ್‌ಎಂಟಿ, 0231 ಎಂದು ಕೊರೆದಿದೆ (ಫೋಟೊ 3). ಡಯಲ್‌ಗೆ ಹೊರಗೆ ಮತ್ತೆ ಬಣ್ಣ, ಅಚ್ಚು ಹಾಕಿಸಿದಂತೆ ಕಾಣುತ್ತದೆ (ಫೋಟೊ 4). ಗ್ಲಾಸು, ಬೆಲ್ಟು ಹೊಸದು, ಕಂಪನಿಯದಲ್ಲ. ಮುಳ್ಳು ಮತ್ತು ಚಾವಿ ಕಂಪನಿಯವೇ ಎಂದು ಖಾತ್ರಿ ಮಾಡಿಕೊಳ್ಳಲು ಆಗಿಲ್ಲ. ವಾಚು ತಲುಪಿದ 7 ದಿನದೊಳಗೆ ನಿಮ್ಮ ರಿಪೇರಿಯವರಿಗೆ ತೋರಿಸಿ. ಇಲ್ಲಿ ಬರೆದದ್ದಕ್ಕೆ ಹೊಂದದಿದ್ದರೆ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡುತ್ತೇವೆ.”

ಇದರಲ್ಲಿ ‘ಡಯಲ್ ಮೇಲೆ ಎಂದಿರುವ’ ಅಂತ ಶುರು ಮಾಡಿದ್ದು ಸುಮ್ನೆ ಅಲ್ಲ. ಹೆಸರು ಅಲ್ಲಿ ಬರೆದಿದೆ ಅನ್ನುವುದು ನಿಜ, ಅದು ಕಾರ್ಖಾನೆಯ ಅಚ್ಚೋ ಹೊರಗಿನದೋ ಅನ್ನುವುದನ್ನು ಮುಂದೆ ಬರುವ ಡಯಲ್‌ನ ಸಾಲು ಹೇಳುತ್ತದೆ. ‘ಬಳಸಿದ’ ಅನ್ನುವುದು ಮೊದಲ ಸಾಲಿನಲ್ಲೇ ಇರಲಿ. ಹಳೆಯದನ್ನು, ದುರಸ್ತಿ ಮಾಡಿದ್ದನ್ನು ಹೊಸದೆಂದು ತೋರಿಸುವುದೂ ಆ 2019ರ ಕಾಯ್ದೆಯಲ್ಲಿ ಅನ್ಯಾಯದ ವ್ಯಾಪಾರವೇ. ವಾಪಸ್ ಮಾತನ್ನು ದೊಡ್ಡ ಮನಸ್ಸು ಅಂತ ಸೇರಿಸಿದ್ದಲ್ಲ. ನೀವು ಯಾವುದಾದರೂ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟಗಾರರಾಗಿ ಸೇರಿದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ. 2020ರ ಇ-ಕಾಮರ್ಸ್ ನಿಯಮ ಹಾಗೆ ಹೇಳುತ್ತದೆ. ‘ಒಮ್ಮೆ ಮಾರಿದ್ದು ವಾಪಸ್ ಇಲ್ಲ’ ಅಂತ ಬರೆದು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇಲ್ಲಿ ಒಂದು ಮಿತಿ ಇದೆ. ಕಂಪನಿ ಒಮ್ಮೆ ಮಾರಿದ ವಸ್ತುವನ್ನು ಮತ್ತೊಬ್ಬರು ಮರುಮಾರಾಟ ಮಾಡಲು ಟ್ರೇಡ್‌ಮಾರ್ಕ್ ಕಾಯ್ದೆ ಬಿಡುತ್ತದೆ, ಆದರೆ ವಸ್ತುವಿನ ಸ್ಥಿತಿ ಬದಲಾಗಿದ್ದರೆ ಕಂಪನಿ ಆಕ್ಷೇಪ ಎತ್ತಬಹುದು. ಒಂದು ವಾಚು ಪೂರ್ತಿ ಬಿಡಿಭಾಗ ಕೂಡಿಸಿ ಮಾಡಿದ್ದು, ಅದರ ಜೊತೆಗೆ ಡಯಲ್ ಕೂಡ ಪೂರಾ ಹೊಸ ಅಚ್ಚು ಅಂತ ರಿಪೇರಿಯವರು ಹೇಳಿದರೆ ಅದನ್ನು ಎಚ್‌ಎಂಟಿ ವಾಚು ಅಂತ ಮಾರಲೇಬೇಡಿ. ಡಯಲ್ ತೆಗೆದಿಟ್ಟು ಮಷಿನನ್ನು ಬಿಡಿಭಾಗವಾಗಿ ರಿಪೇರಿಯವರಿಗೇ ಕೊಡಿ. ಅವರಿಗೆ ಅದು ಯಾವತ್ತೂ ಬೇಕಾಗಿರುತ್ತದೆ.

ಓಮೆಗಾ ಹೆಸರಿನ ಎರಡರ ಕಥೆ ಬೇರೆ. ಎಚ್‌ಎಂಟಿಯಲ್ಲಿ ಪ್ರಶ್ನೆ ಯಾವ ಭಾಗ ಬದಲಾಗಿದೆ ಅನ್ನುವುದು. ಇಲ್ಲಿ ಪ್ರಶ್ನೆ ವಾಚೇ ಸುಳ್ಳೇ ಅನ್ನುವುದು. ಮುಚ್ಚಳ ತೆಗೆಸಿದಾಗ ಮಷಿನ್ ಮೇಲೆ ತಯಾರಕರ ಹೆಸರೇ ಇಲ್ಲದಿದ್ದರೆ, ಸುತ್ತ ಪ್ಲಾಸ್ಟಿಕ್ ಬಳೆ ಹಾಕಿ ಅಗ್ಗದ ಮಷಿನ್ ಕೂರಿಸಿದ್ದರೆ ನಿಮಗೆ ಅನುಮಾನ ಬಂದಾಯಿತು. ಅನುಮಾನ ಬಂದ ಮೇಲೆ ‘ಅಸಲಿಯೋ ನಕಲಿಯೋ ಗೊತ್ತಿಲ್ಲ, ನೋಡಿ ತಗೊಳ್ಳಿ’ ಅಂತ ಬರೆಯುವುದು ಜಾಣತನ ಅನ್ನಿಸಬಹುದು. ಅಲ್ಲ. ‘ಗೊತ್ತಿಲ್ಲ’ ಅನ್ನುವುದು ನಿಜವಾಗಿ ಗೊತ್ತಿಲ್ಲದವರ ಮಾತು. ಅವೆರಡನ್ನು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ತೋರಿಸಿ ಕಾಗದ ತಂದರೆ, ಆ ಕಾಗದದ ಫೋಟೊ ಹಾಕಿ, ಅದು ಹೇಳಿದಷ್ಟನ್ನೇ ಬರೆಯಿರಿ. ಅಷ್ಟು ಓಡಾಟ ಬೇಡ ಅನ್ನಿಸಿದರೆ ಮನೆಯಲ್ಲಿಟ್ಟುಕೊಳ್ಳಿ.

ಬರಹ ಸರಿಯಿದ್ದೂ ಕೆಡುವ ಜಾಗ ಒಂದಿದೆ, ಅದು ಚಾಟ್. ನಾನು ಹಳೇ ಪೆನ್ನು ಮಾರುತ್ತಿದ್ದಾಗ ಇಂಥದ್ದೇ ಎಚ್ಚರದ ವಿವರ ಹಾಕಿದ್ದೆ. ಗಿರಾಕಿ ರಾತ್ರಿ ‘ಒರಿಜಿನಲ್ ಹೌದಲ್ರೀ ಅಣ್ಣಾ’ ಅಂತ ಕಳಿಸಿದರು. ನಿದ್ದೆಗಣ್ಣಲ್ಲಿ ಹೆಬ್ಬೆರಳಿನ ಚಿತ್ರ ಒತ್ತಿದೆ. ನಿಬ್ಬು ಬದಲಾಗಿತ್ತು. ವಿವರದಲ್ಲಿ ಬರೆದಿದ್ದ ಹತ್ತು ಸಾಲನ್ನು ಯಾರೂ ಓದಲಿಲ್ಲ, ಆ ಹೆಬ್ಬೆರಳಿನ ಸ್ಕ್ರೀನ್‌ಶಾಟ್ ಮಾತ್ರ ಎಲ್ಲರಿಗೂ ಸಿಕ್ಕಿತು. ಹಣ ವಾಪಸ್ ಕೊಟ್ಟೆ. ಆವತ್ತಿಂದ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡಿದ್ದೇನೆ. ನೀವೂ ಹೀಗೆ ಇಟ್ಟುಕೊಳ್ಳಬಹುದು: “ಬಿಲ್ ಇಲ್ಲದ್ದರಿಂದ ಆ ಮಾತು ನಾನು ಹೇಳಂಗಿಲ್ರೀ. ಒಳಗ ಏನೈತಿ ಅಂತ ಫೋಟೊ ಕಳಿಸೀನಿ, ನಿಮ್ಮ ರಿಪೇರಿಯವ್ರಿಗೆ ತೋರಿಸಿ ಹೇಳ್ರಿ.” ಫೋನಿನಲ್ಲಿ ಕೇಳಿದರೂ ಇದನ್ನೇ ಹೇಳಿ, ಆಮೇಲೆ ಚಾಟಿನಲ್ಲೂ ಒಂದು ಸಲ ಹಾಕಿ.

ಹಾಗೇ #original ಅನ್ನುವ ಹ್ಯಾಶ್‌ಟ್ಯಾಗ್ ಬೇಡ, ಕಂಪನಿಯ ಜಾಹೀರಾತಿನ ಫೋಟೊ ಬೇಡ, ನಿಮ್ಮ ಖಾತೆಯ ಚಿತ್ರಕ್ಕೆ ಅವರ ಲೋಗೋ ಬೇಡ. ‘ಒರಿಜಿನಲ್ ಡಬ್ಬಿ ಇಲ್ಲ’ ಅಂತಲೂ ಬರೆಯಬೇಡಿ. ಡಬ್ಬಿ ಮಾತ್ರ ಇಲ್ಲ, ವಾಚು ಒರಿಜಿನಲ್ಲೇ ಅಂತ ಓದುವವರು ತಿಳಿಯುತ್ತಾರೆ. ‘ಡಬ್ಬಿ ಇಲ್ಲ’ ಅಂದರೆ ಸಾಕು.

ಯಾರೂ ಕೊಳ್ಳುವುದಿಲ್ಲ ಅನ್ನುವ ನಿಮ್ಮ ಹೆದರಿಕೆ ಅರ್ಧ ನಿಜ. ಕೈಗೆ ಕಟ್ಟಿಕೊಂಡು ತಿರುಗಲು ವಾಚು ಬೇಕಾದವರು ಇಷ್ಟು ಓದಿ ಹಿಂದೆ ಸರಿಯಬಹುದು. ಆದರೆ ಹಳೇ ಎಚ್‌ಎಂಟಿ ಕೂಡಿಸುವವರು ಮೊದಲು ಕೇಳುವುದೇ ಮಷಿನ್ ಫೋಟೊ, ಡಯಲ್ ರೀಡಯಲ್ ಆಗಿದೆಯೇ ಅನ್ನುವುದು. ಬೆಲೆಯನ್ನು ಮಾತ್ರ ರೀಡಯಲ್ ಆದ ವಾಚಿನ ಬೆಲೆಗೇ ಇಡಿ. ಡಯಲ್ ಮುಟ್ಟದ ವಾಚುಗಳೂ ಆ 34ರಲ್ಲಿ ಇರಬಹುದು. ಬಣ್ಣ ಮಾಸಿ, ಚುಕ್ಕೆ ಬಿದ್ದು ನೋಡಲು ಚೆನ್ನಾಗಿಲ್ಲ ಅಂತ ಬದಿಗೆ ಎಸೆದವನ್ನು ಇನ್ನೊಮ್ಮೆ ತೆಗೆದು ನೋಡಿ. ಜಾಸ್ತಿ ದುಡ್ಡು ಬರುವುದು ಅವುಗಳಿಂದಲೇ. ಮತ್ತೆ ಅವಕ್ಕೆ ಹೊಸ ಬಣ್ಣ ಹೊಡೆಸಿಬಿಡಬೇಡಿ.