ಅಂಕಿ ತೆಗೆದ ಮೇಲೆ ಅಬ್‌ಸ್ಟ್ರಾಕ್ಟ್‌ನಲ್ಲಿ ಉಳಿಯೋದೇನು?

ಪ್ರಶ್ನೆ: ಮೇಡಂ, ನನ್ನ ಅಬ್‌ಸ್ಟ್ರಾಕ್ಟ್ 340 ಪದ ಆಗಿದೆ. ಜರ್ನಲ್‌ನವರು 200ರೊಳಗೆ ಕೇಳ್ತಾರೆ. ಅಂಕಿಗಳು ಹೇಗೂ ಒಳಗೆ ಟೇಬಲ್‌ನಲ್ಲಿವೆ, ತೆಗೆದುಬಿಡಲಾ?

ಬೇಡ. ಮೊದಲು ಪೀಠಿಕೆ ತೆಗೆಯಿರಿ. "ಇತ್ತೀಚಿನ ದಿನಗಳಲ್ಲಿ ಈ ಸಮಸ್ಯೆ ವಿಶ್ವದಾದ್ಯಂತ ಹೆಚ್ಚುತ್ತಿದೆ" ಅಂತ ಶುರುವಾಗುವ ನಾಲ್ಕು ಸಾಲು ನಿಮ್ಮದರಲ್ಲೂ ಇರುತ್ತವೆ, ನೋಡಿ. ಆಮೇಲೆ ಸಾಫ್ಟ್‌ವೇರಿನ ಹೆಸರು. ಅಷ್ಟಕ್ಕೇ ಎಷ್ಟೋ ಜಾಗ ಸಿಗುತ್ತದೆ.

ಕೋವಿಡ್ ಕಾಲದಲ್ಲಿ ಬ್ರಿಟನ್ನಿನಲ್ಲಿ ನಡೆದ ರಿಕವರಿ ಪ್ರಯೋಗವನ್ನೇ ತೆಗೆದುಕೊಳ್ಳಿ. ಆಸ್ಪತ್ರೆಗೆ ಸೇರಿದವರಲ್ಲಿ 2,104 ಜನರಿಗೆ ಡೆಕ್ಸಾಮೆಥಸೋನ್ ಕೊಟ್ಟರು, 4,321 ಜನರಿಗೆ ಮಾಮೂಲಿ ಚಿಕಿತ್ಸೆ ಮಾತ್ರ. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ ನಿರ್ಧಾರವಾಯಿತು. 28 ದಿನಗಳೊಳಗೆ ಔಷಧಿ ಪಡೆದವರಲ್ಲಿ ಶೇ 22.9, ಉಳಿದವರಲ್ಲಿ ಶೇ 25.7 ಮಂದಿ ತೀರಿಕೊಂಡರು. ಇದನ್ನು ನಮ್ಮ ಹುಡುಗರು ಬರೆದಿದ್ದರೆ "ಸಾವಿನ ಪ್ರಮಾಣದಲ್ಲಿ ಗಮನಾರ್ಹ ಇಳಿಕೆ ಕಂಡುಬಂದಿದೆ" ಅಂತ ಮುಗಿಸುತ್ತಿದ್ದರು. ಎಷ್ಟು ಇಳಿಕೆ? ನೂರಕ್ಕೆ ಮೂವರಾ, ಮೂವತ್ತಾ? ಓದುವವರಿಗೆ ಬೇಕಾದ್ದು ಅದೇ ಅಲ್ವಾ?

ಇನ್ನೂ ಮುಖ್ಯವಾದದ್ದು ಒಳಗಿನ ವ್ಯತ್ಯಾಸ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ 41.4 ಇದ್ದದ್ದು ಔಷಧಿಯಿಂದ 29.3ಕ್ಕೆ ಇಳಿಯಿತು. ಆಮ್ಲಜನಕವೇ ಬೇಕಿಲ್ಲದಿದ್ದವರಲ್ಲಿ ಇಳಿಯಲಿಲ್ಲ. ಮಾಮೂಲಿ ಚಿಕಿತ್ಸೆಯಲ್ಲಿ ಶೇ 14.0, ಔಷಧಿ ಪಡೆದವರಲ್ಲಿ ಶೇ 17.8. ಹಾಗಾಗಿ ಅವರ ತೀರ್ಮಾನವೂ ಅಷ್ಟಕ್ಕೇ ನಿಂತಿತು: ವೆಂಟಿಲೇಟರ್ ಅಥವಾ ಆಮ್ಲಜನಕದ ಮೇಲಿದ್ದವರಿಗೆ ಲಾಭ, ಉಳಿದವರಿಗೆ ಇಲ್ಲ. ಅಂಕಿ ಬಿಟ್ಟು "ಡೆಕ್ಸಾಮೆಥಸೋನ್ ಕೋವಿಡ್‌ಗೆ ಪರಿಣಾಮಕಾರಿ" ಅಂತ ಬರೆದಿದ್ದರೆ, ಅಬ್‌ಸ್ಟ್ರಾಕ್ಟ್ ಮಾತ್ರ ಓದುವ ವೈದ್ಯರು ಸುಮ್ನೆ ಮನೆಯಲ್ಲಿದ್ದವರಿಗೂ ಅದನ್ನು ಬರೆದುಕೊಡುತ್ತಿದ್ದರು.

ಆದ್ದರಿಂದ ಫಲಿತಾಂಶದ ಸಾಲನ್ನೇ ಮೊದಲು ಬರೆಯಿರಿ. ಎರಡೂ ಗುಂಪಿನ ಅಂಕಿ, ಜೊತೆಗೆ ನಿಜವಾದ ವ್ಯತ್ಯಾಸ ಎಷ್ಟರಿಂದ ಎಷ್ಟರೊಳಗೆ ಇರಬಹುದು ಅಂತ ಹೇಳುವ ವಿಶ್ವಾಸಾಂತರ. ಬರೀ p < 0.05 ಸಾಲದು, ಅದು ವ್ಯತ್ಯಾಸ ಎಷ್ಟು ಅಂತ ಹೇಳೋದಿಲ್ಲ. ನಂತರ ಆ ಅಂಕಿಯನ್ನು ನಂಬಲು ಬೇಕಾದಷ್ಟೇ ವಿಧಾನ: ಯಾರು, ಎಷ್ಟು ಜನ, ಹೇಗೆ ಹಂಚಿದಿರಿ, ಎಷ್ಟು ದಿನ ನೋಡಿದಿರಿ. ಉದ್ದೇಶ ಒಂದು ವಾಕ್ಯ, ತೀರ್ಮಾನ ಒಂದು ವಾಕ್ಯ. ನಾನು ಉದ್ದೇಶಕ್ಕೆ 25 ಪದ, ವಿಧಾನಕ್ಕೆ 55, ಫಲಿತಾಂಶಕ್ಕೆ 80, ತೀರ್ಮಾನಕ್ಕೆ 30 ಇಟ್ಟುಕೊಳ್ಳುತ್ತೇನೆ. ಕಳಿಸುವ ಮುಂಚೆ ಪ್ರತಿ ಅಂಕಿಯನ್ನೂ ಟೇಬಲ್‌ ಜೊತೆ ಬೆರಳಿಟ್ಟು ತಾಳೆ ನೋಡಿ. ನಾನೇ ಒಮ್ಮೆ ಹಳೆಯ ಡ್ರಾಫ್ಟಿನ ಅಂಕಿ ಬಿಟ್ಟು ಬೈಸಿಕೊಂಡಿದ್ದೇನೆ.

ಪ್ರಶ್ನೆ: ದುಡ್ಡು ತಗೊಂಡು ಅಬ್‌ಸ್ಟ್ರಾಕ್ಟ್ ಬರೆದುಕೊಡುವವರಿದ್ದಾರೆ, ಕೊಡಬಹುದಾ?

ನಿಮ್ಮ ಟೇಬಲ್ ಓದದವರು ಏನು ಬರೆದುಕೊಡುತ್ತಾರೆ? "ಗಮನಾರ್ಹ ಇಳಿಕೆ"!

ಪ್ರಶ್ನೆ: ಕೊನೆಗೆ "ಹೆಚ್ಚಿನ ಸಂಶೋಧನೆ ಅಗತ್ಯ" ಅಂತ ಹಾಕಲೇಬೇಕಂತೆ, ಹೌದಾ?

ಯಾರು ಹೇಳಿದ್ದು? ತೆಗೆಯಿರಿ, ಮೂರು ಪದ ಉಳಿಯುತ್ತದೆ.