94 ಬಂದ ಮಾಣಿ ಯಾಕೆ ಸಪ್ಪಗಿದ್ದ

ಪ್ರತಿ ವರ್ಷ ಜೆಇಇ ರಿಸಲ್ಟ್ ಬಂದ ವಾರ ಇದೇ ಕತೆ ಒಂದಲ್ಲ ಒಂದು ಮನೆಯಿಂದ ನನ್ನ ಹತ್ರ ಬರುತ್ತೆ, ಅದಕ್ಕೇ ಬರೀತಿದೀನಿ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದೀನಿ.

2025ರ ಏಪ್ರಿಲ್ ಕೊನೆ. ಶಿರಸಿ ಹತ್ರದ ಹಳ್ಳಿ, ಅಡಿಕೆ ತೋಟದ ಮನೆ. ಹುಡುಗನಿಗೆ ಜೆಇಇ ಮೇನ್‌ನಲ್ಲಿ 94.2 ಬಂದಿದೆ, ಅಪ್ಪ ಊರಿಗೆಲ್ಲ ಸ್ವೀಟ್ ಹಂಚಾಗಿದೆ, ಹುಡುಗ ಮಾತ್ರ ಊಟಕ್ಕೂ ಸರಿಯಾಗಿ ಕೂರ್ತಿಲ್ಲ. "94 ಪರ್ಸೆಂಟ್ ತಗೊಂಡು, ಕಟ್-ಆಫ್ ದಾಟಿ, ಮಾಣಿ ಎಂತಕ್ಕೆ ಹೀಗಿದಾನೆ ಮೇಡಂ, ಸ್ವಲ್ಪ ಮಾತಾಡ್ಸಿ ನೋಡಿ" ಅಂತ ಅಪ್ಪನೇ ಕರ್ಕೊಂಡು ಬಂದ್ರು.

ಮೊದಲ ಸಲ ಹುಡುಗ ಏನೂ ಹೇಳ್ಲಿಲ್ಲ. ಎರಡನೇ ಸಲ ಅಪ್ಪನೂ ಪಕ್ಕದಲ್ಲಿದ್ರು. ನಾನು ಸುಮ್ನೆ "ನಿಂದು ಮಾರ್ಕ್ಸ್ ಎಷ್ಟಾಯ್ತೋ" ಅಂದೆ. ಅವನು ನೆಲ ನೋಡ್ಕೊಂಡು "108" ಅಂದ. ಎಷ್ಟಕ್ಕೆ? "300ಕ್ಕೆ."

ಸ್ಕೋರ್ ಕಾರ್ಡಲ್ಲಿ ಮಾರ್ಕ್ಸ್ ಇರಲ್ಲ, ಬರೀ ಪರ್ಸೆಂಟೈಲ್ ಇರುತ್ತೆ, ಇವನು ಆನ್ಸರ್ ಕೀ ಇಟ್ಕೊಂಡು ಸರಿಗೆ ನಾಲ್ಕು ಕೂಡ್ಸಿ ತಪ್ಪಿಗೆ ಒಂದು ಕಳೆದು ತಾನೇ ಲೆಕ್ಕ ಹಾಕಿದ್ದ. ಶೇಕಡಾ 36. ಅಪ್ಪ ಊರಲ್ಲಿ 94 ಅಂತ ಹೇಳ್ತಾ ತಿರುಗಿದಷ್ಟೂ ಅವನಿಗೆ ತಾನೇ ಸುಳ್ಳು ಹೇಳಿದ ಹಾಗೆ ಅನ್ಸಿತ್ತು. ಅಪ್ಪನ ಮುಖ ಕಪ್ಪಿಟ್ಟಿತು. "ಹಾಗಾದ್ರೆ ಇವನು ಫೇಲಾ?"

ನನಗೆ ಭಯ ಇದ್ದದ್ದು ಇದೇ, 94 ಅಂದಾಗ ಐಐಟಿ, 36 ಅಂದ ಕೂಡ್ಲೇ ಫೇಲು. ಹೀಗಾಗಿ ಮಾರಿಕಾಂಬಾ ಜಾತ್ರೆಯ ಸಾಲು ತಂದೆ. ದರ್ಶನದ ಸಾಲಲ್ಲಿ ನೂರು ಜನ ಇದ್ರೆ, ಇವನ ಮುಂದೆ ಆರು ಜನ, ಉಳಿದೋರೆಲ್ಲ ಹಿಂದೆ. ಪರ್ಸೆಂಟೈಲ್ ಹೇಳೋದು ಇಷ್ಟೇ: ಅದೇ ಶಿಫ್ಟಲ್ಲಿ ಬರೆದೋರಲ್ಲಿ ನೂರಕ್ಕೆ 94 ಜನ ಇವನಷ್ಟೇ ಅಥವಾ ಇವನಿಗಿಂತ ಕಮ್ಮಿ ಮಾರ್ಕ್ಸ್ ತಗೊಂಡಿದಾರೆ. ಪೇಪರ್ ಕಷ್ಟ ಇದ್ರೆ 108ಕ್ಕೂ ಆ ಜಾಗ ಸಿಗುತ್ತೆ, ಸುಲಭ ಇದ್ದ ಶಿಫ್ಟಲ್ಲಿ ಅದೇ 108ಕ್ಕೆ ಹಿಂದೆ ನಿಲ್ಬೇಕಾಗುತ್ತೆ, ಬೇರೆ ಬೇರೆ ದಿನ ಬೇರೆ ಬೇರೆ ಪೇಪರ್ ಬರೆಸೋದ್ರಿಂದಲೇ ಈ ಪದ್ಧತಿ. ಹಾಗಾಗಿ ಫೇಲೂ ಅಲ್ಲ, ನೂರಕ್ಕೆ 94 ಮಾರ್ಕ್ಸೂ ಅಲ್ಲ.

"ಮುಂದೆ ಬರೀ ಆರು ಜನ ತಾನೇ, ಮತ್ತೆಂತ ಚಿಂತೆ" ಅಂದ್ರು ಅಪ್ಪ. ಆಗ ಸ್ಕೋರ್ ಕಾರ್ಡ್ ಪ್ರಿಂಟಿನ ಹಿಂದೆ ಹುಡುಗನ ಕೈಲೇ ಬರೆಸ್ದೆ. ಆ ವರ್ಷ ಬರೆದೋರು ಸುಮಾರು 14.75 ಲಕ್ಷ. 100ರಲ್ಲಿ 94.2 ಕಳೆದ್ರೆ 5.8. 14.75 ಲಕ್ಷದ ಶೇಕಡಾ 5.8 ಅಂದ್ರೆ ಸುಮಾರು 85 ಸಾವಿರ. ಸಾಲು ಉದ್ದ ಆದ್ರೆ ಆರು ಜನ 85 ಸಾವಿರ ಆಗ್ತಾರೆ. ಅಪ್ಪ ಆ ಹಾಳೆಯನ್ನ ಎರಡು ಸಲ ತಿರುಗಿಸಿ ನೋಡಿದ್ರು.

ಇನ್ನು ಕಟ್-ಆಫ್. ಅವರು ದಾಟಿದ್ದು ಜನರಲ್ ಕೆಟಗರಿಯ 93.1023262. ಅದು ಅಡ್ವಾನ್ಸ್ಡ್ ಪರೀಕ್ಷೆ ಬರೆಯೋಕೆ ಗೇಟ್ ಪಾಸ್ ಅಷ್ಟೇ. ಎಲ್ಲ ಕೆಟಗರಿ ಸೇರಿ ಎರಡೂವರೆ ಲಕ್ಷ ಮಂದಿಗೆ ಗೇಟ್ ತೆಗೀತಾರೆ, ಒಳಗೆ ಐಐಟಿ ಸೀಟಿರೋದು ಸುಮಾರು 18 ಸಾವಿರ. ಸುರತ್ಕಲ್‌ನ ಎನ್‌ಐಟಿಗೆ ಈ ಕಟ್-ಆಫ್ ಲೆಕ್ಕಕ್ಕೇ ಬರಲ್ಲ, ಅಲ್ಲಿ ನೋಡೋದು ಮೇನ್ ರ್‍ಯಾಂಕ್, ಕೊನೇ ಸೀಟು ಯಾವ ರ್‍ಯಾಂಕಿಗೆ ಮುಗೀತು ಅನ್ನೋದು. ಐಐಟಿ, ಎನ್‌ಐಟಿ ಸೀಟು ಹಂಚೋ ಜೋಸಾ ಸೈಟಲ್ಲಿ ಹಿಂದಿನ ವರ್ಷದ ಕ್ಲೋಸಿಂಗ್ ರ್‍ಯಾಂಕ್ ಸಿಗುತ್ತೆ, ಕೊನೇ ರೌಂಡ್ ಹಾಕಿ, ಕರ್ನಾಟಕದ ಮಕ್ಕಳಿಗೆ ಹೋಮ್ ಸ್ಟೇಟ್ ಸಾಲನ್ನೇ ನೋಡ್ಬೇಕು, ತುಂಬ ಜನ ಬೇರೆ ರಾಜ್ಯದ ಸಾಲು ಓದಿ ಕಂಗಾಲಾಗ್ತಾರೆ ಇಲ್ಲಾ ಹಿಗ್ಗಿಬಿಡ್ತಾರೆ. ಕಂಪ್ಯೂಟರ್ ಸೈನ್ಸ್ ಸಾಲು ನೋಡಿದ್ವಿ, ಕೆಲವೇ ಸಾವಿರಕ್ಕೆ ಮುಗಿದಿತ್ತು. ಯಾರೂ ಮಾತಾಡ್ಲಿಲ್ಲ.

ನಾನು ಹೇಳಿದ್ದು: ಅಡ್ವಾನ್ಸ್ಡ್ ಬರೀಲಿ, ಜೋಸಾದಲ್ಲೂ ಹೆಸರು ನೋಂದಾಯಿಸಿ, ಆದ್ರೆ ಸಿಇಟಿ ಸೀಟು ಹಂಚೋ ಕೆಇಎಗೆ ಬೇಕಾದ ದಾಖಲೆ ರೆಡಿ ಇಡಿ, ಸಿಇಟಿ ಬರೆದದ್ದನ್ನ ಬಿಟ್ಹಾಕ್ಬೇಡಿ. ಅಪ್ಪ "94 ಇರೋನಿಗೆ ಸಿಇಟಿ ಎಂತಕ್ಕೆ" ಅಂತ ಅಲ್ಲೀವರೆಗೆ ಅದನ್ನ ಲೆಕ್ಕಕ್ಕೇ ಇಟ್ಟಿರ್ಲಿಲ್ಲ. ಇಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿ ಅರ್ಧ, ಪಿಯು ಪಿಸಿಎಂ ಮಾರ್ಕ್ಸ್ ಅರ್ಧ, ಪಿಯುನಲ್ಲಿ ಇವನಿಗೆ ಚೆನ್ನಾಗೇ ಬಂದಿತ್ತು.

ಅಪ್ಪನ ಎದುರೇ 108 ಹೇಳಿಸಬಾರದಿತ್ತು, ಹುಡುಗನಿಗೆ ಅವಮಾನ ಆಗುತ್ತೆ ಅಂದ್ರು ನನ್ನ ಜೊತೆ ಕೆಲಸ ಮಾಡೋ ಒಬ್ರು. ಇರಬಹುದು. ಆದ್ರೆ ಅವಮಾನ ಮೊದಲೇ ಅವನೊಳಗೆ ಇತ್ತು, ನಾನು ಅದನ್ನ ಹೊರಗೆ ತಂದೆ ಅಷ್ಟೇ ಅಂತ ನನಗೆ ಈಗ್ಲೂ ಅನ್ಸುತ್ತೆ.

ಹೊರಡುವಾಗ ಅಪ್ಪ ಬಾಗಿಲ ಹತ್ರ ತಿರುಗಿ, ಮೆಲ್ಲಗೆ ಕೇಳಿದ್ರು: "ಮೇಡಂ, ಪಿಯೂದು 91 ಅಂದಿದಾನಲ್ಲ, ಅದು ಪರ್ಸೆಂಟಾ, ಇದೇ ತರದ್ದಾ?"

ನಾನು ಬಾಯಿ ತೆಗೆಯೋ ಮೊದಲೇ ಹುಡುಗ ನಕ್ಕು ಹೇಳ್ದ, "ಅದು ಪರ್ಸೆಂಟೇ ಅಪ್ಪ."