ಒಪ್ಪಿಗೆಯ ವಿಚ್ಛೇದನ: ಕಾಯುವ ಅವಧಿಯ ಲೆಕ್ಕ ಮತ್ತು ರಾಜಿ ಪತ್ರದಲ್ಲಿ ಬರೆಯಬೇಕಾದದ್ದು

ಪ್ರಶ್ನೆ: "ಮದುವೆಯಾಗಿ ಎಂಟು ವರ್ಷ. ಹದಿನಾಲ್ಕು ತಿಂಗಳಿಂದ ಬೇರೆ ಇದ್ದೇವೆ. ಆರು ವರ್ಷದ ಮಗಳಿದ್ದಾಳೆ. ಇಬ್ಬರೂ ಒಪ್ಪಿ ವಿಚ್ಛೇದನ ಪಡೆಯಬೇಕೆಂದಿದ್ದೇವೆ. ಆರು ತಿಂಗಳು ಕಾಯಲೇಬೇಕೇ? ಜೀವನಾಂಶ ಮತ್ತು ಮಗುವಿನ ವಿಷಯವನ್ನು ಹೇಗೆ ಇತ್ಯರ್ಥ ಮಾಡಿಕೊಳ್ಳಬೇಕು?"

ನಾನು ಬೆಂಗಳೂರಿನಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆ. ನಿಮ್ಮ ಮದುವೆ ಹಿಂದೂ ವಿವಾಹ ಕಾಯ್ದೆಯಡಿ ಆಗಿದೆಯೆಂದು ಭಾವಿಸಿ ಉತ್ತರಿಸುತ್ತಿದ್ದೇನೆ. ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿಯಾಗಿದ್ದರೆ ಕಲಂ 28 ಅನ್ವಯಿಸುತ್ತದೆ, ಹೆಜ್ಜೆಗಳು ಬಹುತೇಕ ಇವೇ.

ಮೊದಲು ಅರ್ಜಿಯ ವಿಷಯ. ಹಿಂದೂ ವಿವಾಹ ಕಾಯ್ದೆಯ ಕಲಂ 13ಬಿ ಅಡಿಯಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದೇ ಜಂಟಿ ಅರ್ಜಿ ಸಲ್ಲಿಸಬೇಕು. ಅರ್ಜಿಯ ದಿನಕ್ಕೆ ಕನಿಷ್ಠ ಒಂದು ವರ್ಷದಿಂದ ಬೇರೆ ಇದ್ದೇವೆ, ಒಟ್ಟಿಗೆ ಬಾಳಲು ಆಗಿಲ್ಲ, ವಿವಾಹ ವಿಸರ್ಜನೆಗೆ ಇಬ್ಬರೂ ಒಪ್ಪಿದ್ದೇವೆ ಎಂಬ ಮೂರು ಸಂಗತಿಗಳು ಅದರಲ್ಲಿರಬೇಕು. ಬೇರೆ ಇರುವುದು ಎಂದರೆ ಬೇರೆ ಮನೆಯಲ್ಲೇ ಇರಬೇಕೆಂದಲ್ಲ. ಒಂದೇ ಸೂರಿನಡಿ ಇದ್ದರೂ ದಂಪತಿಯಂತೆ ಬಾಳುತ್ತಿಲ್ಲವಾದರೆ ಸಾಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಸುರೇಷ್ಟಾ ದೇವಿ ಪ್ರಕರಣದಲ್ಲಿ ಹೇಳಿದೆ. ಮದುವೆ ನಡೆದ ಊರು, ಕೊನೆಯದಾಗಿ ಒಟ್ಟಿಗೆ ಇದ್ದ ಊರು ಅಥವಾ ಹೆಂಡತಿ ಈಗ ವಾಸವಿರುವ ಊರಿನ ವ್ಯಾಪ್ತಿಯ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. ಲಗ್ನಪತ್ರಿಕೆ ಅಥವಾ ನೋಂದಣಿ ಪ್ರಮಾಣಪತ್ರ, ಮದುವೆಯ ಫೋಟೊ, ಇಬ್ಬರ ಗುರುತಿನ ಚೀಟಿ ಮತ್ತು ಮಗುವಿನ ಜನನ ಪ್ರಮಾಣಪತ್ರ ಜೊತೆಗಿರಲಿ. ಹಿರಿಯರ ಸಮ್ಮುಖದಲ್ಲಿ ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ ಬಿಡುಗಡೆ ಪತ್ರವನ್ನೇ ವಿಚ್ಛೇದನವೆಂದು ನಂಬಿ, ಮರುಮದುವೆಯಾಗಿ ಕಷ್ಟಕ್ಕೆ ಸಿಲುಕಿದವರನ್ನು ಕಂಡಿದ್ದೇನೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಅರ್ಜಿ ದಾಖಲಾದ ಮೇಲೆ ನ್ಯಾಯಾಲಯವು ಇಬ್ಬರನ್ನೂ ವಿಚಾರಿಸಿ ಹೇಳಿಕೆ ಪಡೆಯುತ್ತದೆ, ಇದು ಮೊದಲ ಮೋಷನ್. ಬಹಳಷ್ಟು ಸಲ ಮಧ್ಯಸ್ಥಿಕೆಗೂ ಕಳುಹಿಸುತ್ತದೆ. ರಾಜಿ ಮಾಡಿಸಲು ಯತ್ನಿಸುವುದು ಕೌಟುಂಬಿಕ ನ್ಯಾಯಾಲಯದ ಕರ್ತವ್ಯವೆಂದು ಕಾನೂನೇ ಹೇಳುವುದರಿಂದ ಇದನ್ನು ಅಡ್ಡಿಯೆಂದು ಭಾವಿಸಬೇಡಿ. ಅರ್ಜಿ ಸಲ್ಲಿಸಿದ ದಿನದಿಂದ ಆರು ತಿಂಗಳು ಕಳೆದ ಮೇಲೆ ಮತ್ತು ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ನಮ್ಮ ಒಪ್ಪಿಗೆ ಈಗಲೂ ಇದೆ ಎಂದು ಹೇಳಬೇಕು. ಇದನ್ನೇ ನಾವು ಎರಡನೇ ಮೋಷನ್ ಎನ್ನುತ್ತೇವೆ. ಆರು ತಿಂಗಳ ಎಣಿಕೆ ಅರ್ಜಿ ಸಲ್ಲಿಸಿದ ದಿನದಿಂದ ಶುರುವಾಗುತ್ತದೆ, ಮೊದಲ ಹೇಳಿಕೆ ಕೊಟ್ಟ ದಿನದಿಂದಲ್ಲ. ಈ ಎರಡನೇ ಹೇಳಿಕೆಯಾಗಿ ಡಿಕ್ರಿ, ಅಂದರೆ ವಿಚ್ಛೇದನದ ಅಂತಿಮ ಆದೇಶ, ಹೊರಬೀಳುವವರೆಗೆ ಯಾರೊಬ್ಬರಾದರೂ ಒಪ್ಪಿಗೆ ಹಿಂಪಡೆಯಬಹುದು. ಹಾಗಾದರೆ ಆ ಅರ್ಜಿ ಅಲ್ಲಿಗೆ ನಿಲ್ಲುತ್ತದೆ. ಹಣದ ಕಂತುಗಳನ್ನು ಹೇಗೆ ಹೊಂದಿಸಬೇಕೆಂಬುದಕ್ಕೆ ಈ ಅಂಶವೇ ಆಧಾರ, ಅದನ್ನು ಮುಂದೆ ಹೇಳುತ್ತೇನೆ.

ಆರು ತಿಂಗಳಿಗೆ ವಿನಾಯಿತಿ ಇದೆಯೇ ಎಂದರೆ, ಇದೆ. 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಅವಧಿ ಕಡ್ಡಾಯವಲ್ಲವೆಂದು ಹೇಳಿ, ಅದನ್ನು ಮನ್ನಾ ಮಾಡುವ ಮುನ್ನ ನ್ಯಾಯಾಲಯ ನೋಡಬೇಕಾದ ಸಂಗತಿಗಳನ್ನು ತಿಳಿಸಿತು. ಮೊದಲ ಮೋಷನ್‌ಗೆ ಮುಂಚೆಯೇ ಒಂದು ವರ್ಷ ಮತ್ತು ಆರು ತಿಂಗಳು, ಅಂದರೆ ಒಟ್ಟು ಹದಿನೆಂಟು ತಿಂಗಳು ಬೇರೆ ಇದ್ದಿರಬೇಕು. ಒಂದುಗೂಡಿಸುವ ಯತ್ನ ವಿಫಲವಾಗಿರಬೇಕು. ಜೀವನಾಂಶ, ಮಗು ಮತ್ತಿತರ ವಿಷಯಗಳು ನಿಜವಾಗಿ ಇತ್ಯರ್ಥವಾಗಿರಬೇಕು. ಇನ್ನೂ ಕಾಯಿಸುವುದರಿಂದ ನೋವು ಮಾತ್ರ ಲಂಬಿಸುವಂತಿರಬೇಕು. ಮನ್ನಾ ಕೋರುವ ಅರ್ಜಿಯನ್ನು ಮೊದಲ ಮೋಷನ್ ಆದ ಒಂದು ವಾರದ ನಂತರ ಕಾರಣಸಹಿತ ಹಾಕಬಹುದು. ಈ ಸಂಗತಿಗಳು ಉದಾಹರಣೆಯಷ್ಟೇ ಎಂದು 2021ರ ಅಮಿತ್ ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದ್ದರಿಂದ ಸ್ವಲ್ಪ ಸಡಿಲಿಕೆ ಇದೆ, ಆದರೆ ಮನ್ನಾ ಹಕ್ಕಲ್ಲ, ನ್ಯಾಯಾಧೀಶರ ವಿವೇಚನೆ.

ಈಗ ನಿಮ್ಮ ಲೆಕ್ಕ ನೋಡಿ. ನೀವು ಬೇರೆಯಾಗಿ ಹದಿನಾಲ್ಕು ತಿಂಗಳಾಗಿದೆ. ಇಂದೇ ಅರ್ಜಿ ಹಾಕಿ ಆರು ತಿಂಗಳು ಕಾದರೆ ಇಪ್ಪತ್ತನೇ ತಿಂಗಳಿಗೆ ಎರಡನೇ ಮೋಷನ್‌ಗೆ ಬರುತ್ತೀರಿ. ಹದಿನೆಂಟು ತಿಂಗಳು ತುಂಬಲಿ ಎಂದು ಕಾದು ಆಮೇಲೆ ಅರ್ಜಿ ಹಾಕಿ ಮನ್ನಾ ಕೇಳಿದರೂ, ಮಧ್ಯಸ್ಥಿಕೆ ಮತ್ತು ವಿಚಾರಣೆಯ ದಿನಾಂಕಗಳು ಸೇರಿ ಹೆಚ್ಚುಕಡಿಮೆ ಅಷ್ಟೇ ಹೊತ್ತಾಗುತ್ತದೆ, ಮನ್ನಾ ಸಿಗದಿದ್ದರೆ ನಾಲ್ಕು ತಿಂಗಳು ವ್ಯರ್ಥವಾಗುತ್ತವೆ. ಆದ್ದರಿಂದ ಈಗಲೇ ಅರ್ಜಿ ಹಾಕಿ, ಆ ಆರು ತಿಂಗಳನ್ನು ಹಣದ ವ್ಯವಸ್ಥೆಗೂ ಮಗುವಿನ ಭೇಟಿಯ ಕ್ರಮವನ್ನು ನಿಜವಾಗಿ ನಡೆಸಿ ನೋಡುವುದಕ್ಕೂ ಬಳಸಿಕೊಳ್ಳಿ ಎಂಬುದು ನನ್ನ ಸಲಹೆ. ಒಬ್ಬರು ವಿದೇಶದಲ್ಲಿದ್ದರೆ ವಿಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾಗಲು ಅಥವಾ ತಂದೆತಾಯಿ, ಒಡಹುಟ್ಟಿದವರ ಮೂಲಕ ಪ್ರತಿನಿಧಿತ್ವ ಪಡೆಯಲು ಅನುಮತಿ ಕೇಳುವ ಅವಕಾಶವನ್ನೂ 2017ರ ಅದೇ ತೀರ್ಪು ಕೊಟ್ಟಿದೆ.

ಈ ಪ್ರಕರಣಗಳಲ್ಲಿ ಮುಂದೆ ಜಗಳ ಹುಟ್ಟುವುದು ಕಾಯುವ ಅವಧಿಯಿಂದಲ್ಲ, ಹಣ ಮತ್ತು ಮಗುವಿನ ಬಗ್ಗೆ ಇಬ್ಬರೂ ಒಪ್ಪಿದ ಷರತ್ತುಗಳನ್ನು ಬರೆದು ಅರ್ಜಿಯ ಜೊತೆ ಲಗತ್ತಿಸುವ ರಾಜಿ ಪತ್ರದಿಂದ. ನಾನು ನಡೆಸಿದ ಒಂದು ಪ್ರಕರಣವನ್ನು ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ಪರಸ್ಪರ ಕಹಿಯಿಲ್ಲದ ದಂಪತಿ, ಏಳು ವರ್ಷದ ಮಗ. ಅವರೇ ಬರೆದುಕೊಂಡು ಬಂದ ಕರಡಿನಲ್ಲಿ ಮೂರು ಸಾಲುಗಳಿದ್ದವು: ಪತಿಯು ಪತ್ನಿಗೆ 18 ಲಕ್ಷ ರೂಪಾಯಿ ಕೊಡತಕ್ಕದ್ದು, ಮಗ ತಾಯಿಯ ಬಳಿ ಇರತಕ್ಕದ್ದು, ತಂದೆ ಅನುಕೂಲವಾದಾಗ ಮಗನನ್ನು ಭೇಟಿಯಾಗಬಹುದು. ಅದನ್ನು ಹಾಗೆಯೇ ಸಲ್ಲಿಸಿದ್ದರೆ ಒಂದು ವರ್ಷದೊಳಗೆ ಇಬ್ಬರೂ ಮತ್ತೆ ನ್ಯಾಯಾಲಯದ ಮೆಟ್ಟಿಲೇರುತ್ತಿದ್ದರು.

ಮೊದಲಿಗೆ ಹಣವನ್ನು ಎರಡು ಭಾಗ ಮಾಡಿಸಿದೆ. ಪತ್ನಿಯ ಶಾಶ್ವತ ಜೀವನಾಂಶವೇ ಬೇರೆ, ಮಗನ ಪೋಷಣೆಯ ವೆಚ್ಚವೇ ಬೇರೆ. ತಾಯಿ ತನ್ನ ಪಾಲಿನ ಹಣ ಪಡೆದು ಇನ್ನೇನೂ ಕೇಳುವುದಿಲ್ಲ ಎಂದು ಬರೆದುಕೊಟ್ಟರೂ, ಆ ಸಾಲು ಮಗುವಿನ ಹಕ್ಕನ್ನು ಅಳಿಸುವುದಿಲ್ಲ. ಮಗುವಿನ ಪರವಾಗಿ ಮುಂದೆ ಜೀವನಾಂಶ ಕೇಳಬಹುದು, ನ್ಯಾಯಾಲಯ ಕೊಡಿಸಲೂಬಹುದು. ಎಲ್ಲ ಸೇರಿ ಇಷ್ಟು ಎಂದು ಒಂದೇ ಮೊತ್ತ ಬರೆದರೆ, ಕೊಟ್ಟವರಿಗೆ ಎಲ್ಲ ಮುಗಿಯಿತೆಂಬ ಭಾವನೆ, ಶಾಲಾ ಶುಲ್ಕ ಏರಿದಾಗ ಪಡೆದವರಿಗೆ ಕೈಯಲ್ಲಿ ಏನೂ ಉಳಿದಿಲ್ಲವೆಂಬ ಸಂಕಟ. ಇಲ್ಲಿ ಪತ್ನಿಗೆ 18 ಲಕ್ಷ, ಮಗನಿಗೆ ಪ್ರತ್ಯೇಕವಾಗಿ ತಿಂಗಳಿಗೆ 15,000 ರೂಪಾಯಿ ಎಂದಾಯಿತು. ಅದು ಪ್ರತಿ ತಿಂಗಳ 5ರೊಳಗೆ ತಾಯಿಯ ಖಾತೆಗೆ ಜಮೆಯಾಗಬೇಕು, ಪ್ರತಿ ವರ್ಷ ಶೇಕಡ 5ರಷ್ಟು ಹೆಚ್ಚಬೇಕು, ಶಾಲಾ ಶುಲ್ಕವನ್ನು ಇಬ್ಬರೂ ಸಮನಾಗಿ ಭರಿಸಬೇಕು ಎಂದು ಬರೆದೆವು. ಇವು ಆ ಇಬ್ಬರ ಆದಾಯಕ್ಕೆ ಹೊಂದಿದ ಅಂಕಿಗಳು. ಕಾನೂನಿನಲ್ಲಿ ಇಂತಿಷ್ಟೇ ಎಂಬ ನಿಗದಿಯಿಲ್ಲ, ನಿಮ್ಮ ಸಂಬಳ, ಸಾಲ ಮತ್ತು ಮಗಳ ಖರ್ಚನ್ನು ಬಿಡಿಬಿಡಿಯಾಗಿ ಬರೆದು ಮೊತ್ತ ನಿರ್ಧರಿಸಿ.

ಆ 18 ಲಕ್ಷ ಯಾವಾಗ ಎಂಬುದು ಮುಂದಿನ ಪ್ರಶ್ನೆಯಾಯಿತು. ಪೂರ್ತಿ ಹಣ ಮೊದಲೇ ಕೊಟ್ಟರೆ ಪತ್ನಿ ಎರಡನೇ ಮೋಷನ್‌ಗೆ ಬರುವರೋ ಇಲ್ಲವೋ ಎಂಬ ಅಂಜಿಕೆ ಪತಿಗೆ, ಡಿಕ್ರಿಯ ನಂತರ ಕೊಡುವುದಾದರೆ ಅದು ಬರುವುದೇ ಇಲ್ಲವೆಂಬ ಭಯ ಪತ್ನಿಗೆ. 6 ಲಕ್ಷ ಅರ್ಜಿಯ ದಿನ, ಉಳಿದ 12 ಲಕ್ಷದ ಡಿ.ಡಿ. ಎರಡನೇ ಮೋಷನ್ ದಿನ ನ್ಯಾಯಾಲಯದಲ್ಲೇ ಹಸ್ತಾಂತರ, ಅದನ್ನು ನ್ಯಾಯಾಧೀಶರು ಆದೇಶದಲ್ಲಿ ದಾಖಲಿಸಬೇಕು ಎಂಬುದು ಇಬ್ಬರಿಗೂ ಒಪ್ಪಿಗೆಯಾಯಿತು. ವರದಕ್ಷಿಣೆ ಕಿರುಕುಳದ ದೂರು ಇತ್ಯಾದಿ ಬಾಕಿಯಿದ್ದರೆ ಒಂದು ಕಂತನ್ನು ಅದು ಹೈಕೋರ್ಟ್‌ನಲ್ಲಿ ರದ್ದಾಗುವ ದಿನಕ್ಕೆ ಇಡುವುದು ವಾಡಿಕೆ. ಪತ್ನಿ ದೂರನ್ನು ತಾನೇ ಹಿಂಪಡೆದರೆ ಸಾಕೆಂದು ಹಲವರು ನಂಬಿರುತ್ತಾರೆ, ಆದರೆ ಇಂಥ ಕ್ರಿಮಿನಲ್ ಪ್ರಕರಣ ಹಾಗೆ ತಾನಾಗಿ ಮುಗಿಯುವುದಿಲ್ಲ. ಸ್ತ್ರೀಧನದ ಒಡವೆಗಳನ್ನು ತೂಕ ಸಹಿತ ಪಟ್ಟಿ ಮಾಡಿ, ಹಿಂತಿರುಗಿಸಿದ ದಿನ ಇಬ್ಬರೂ ಸಹಿ ಹಾಕಿ. ಇಬ್ಬರ ಹೆಸರಿನಲ್ಲೂ ಗೃಹಸಾಲವಿದ್ದರೆ, ಕಂತು ಒಬ್ಬರೇ ಕಟ್ಟುವುದಾಗಿ ನೀವು ಒಪ್ಪಿಕೊಂಡರೂ ಬ್ಯಾಂಕು ಅದಕ್ಕೆ ಬದ್ಧವಲ್ಲ. ಬ್ಯಾಂಕಿನಿಂದ ಹೆಸರು ತೆಗೆಸುವವರೆಗೆ ಹೊಣೆ ಇಬ್ಬರದೂ ಆಗಿರುತ್ತದೆ.

ಮಗನ ವಿಷಯಕ್ಕೆ ಬಂದಾಗ, "ಅನುಕೂಲವಾದಾಗ" ಎಂಬ ಪದವನ್ನು ತೆಗೆಸಲು ನನಗೆ ಒಂದು ಸಂಜೆಯೇ ಬೇಕಾಯಿತು, ಏಕೆಂದರೆ ಇಬ್ಬರಿಗೂ ಅದು ಸೌಜನ್ಯದ ಮಾತಾಗಿ ಕಂಡಿತ್ತು. ಯಾರ ಅನುಕೂಲ ಎಂದು ಕೇಳಿದಾಗ ಇಬ್ಬರ ಉತ್ತರವೂ ಬೇರೆಯಾಗಿತ್ತು. ಕೊನೆಗೆ ಬರೆದದ್ದು ಹೀಗೆ: ಮಗ ತಾಯಿಯ ಸುಪರ್ದಿನಲ್ಲಿರುತ್ತಾನೆ, ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 5ರವರೆಗೆ ತಂದೆಯ ಬಳಿ, ಕರೆದೊಯ್ಯುವುದೂ ತಂದು ಬಿಡುವುದೂ ತಂದೆಯ ಹೊಣೆ. ಬೇಸಿಗೆ ರಜೆಯಲ್ಲಿ ಅರ್ಧ ಮತ್ತು ದಸರಾ ರಜೆಯಲ್ಲಿ ಅರ್ಧ ತಂದೆಯ ಜೊತೆ. ದೀಪಾವಳಿ ಒಂದು ವರ್ಷ ಇವರಲ್ಲಿ, ಮರುವರ್ಷ ಅವರಲ್ಲಿ. ಬುಧವಾರ ರಾತ್ರಿ ವಿಡಿಯೊ ಕರೆ. ಶಾಲೆ ಬದಲಿಸುವುದು, ಶಸ್ತ್ರಚಿಕಿತ್ಸೆ, ಪಾಸ್‌ಪೋರ್ಟ್ ಮತ್ತು ವಿದೇಶ ಪ್ರಯಾಣಕ್ಕೆ ಇಬ್ಬರ ಲಿಖಿತ ಒಪ್ಪಿಗೆ. ಒಬ್ಬರು ಊರು ಬಿಡುವುದಾದರೆ ಎರಡು ತಿಂಗಳು ಮೊದಲು ತಿಳಿಸಬೇಕು.

ಇಲ್ಲಿ ಒಂದು ಮಾತು ಮನಸ್ಸಿಟ್ಟು ಕೇಳಿ. ಮಗುವಿನ ಭೇಟಿಯನ್ನೂ ಹಣವನ್ನೂ ಒಂದಕ್ಕೊಂದು ಗಂಟು ಹಾಕಬೇಡಿ. ಹಣ ತಡವಾದರೆ ಭೇಟಿ ಇಲ್ಲ, ಭೇಟಿ ಇಲ್ಲದಿದ್ದರೆ ಹಣ ಇಲ್ಲ ಎಂಬ ಷರತ್ತು ಬರೆದ ಕಡೆಯೆಲ್ಲ, ದೊಡ್ಡವರ ಲೆಕ್ಕದ ನಡುವೆ ಸೋತಿದ್ದು ಮಗು. ನ್ಯಾಯಾಲಯವೂ ಮಗುವಿನ ಹಿತವನ್ನೇ ಮೊದಲು ನೋಡುತ್ತದೆ. ನಿಮ್ಮ ಒಪ್ಪಂದ ಮಗುವಿಗೆ ಒಳಿತಲ್ಲವೆನಿಸಿದರೆ ತಿದ್ದಲು ಹೇಳಬಹುದು, ಡಿಕ್ರಿಯ ನಂತರವೂ ಪರಿಸ್ಥಿತಿ ಬದಲಾದರೆ ಹಿಂದೂ ವಿವಾಹ ಕಾಯ್ದೆಯ ಕಲಂ 26ರಡಿ ಸುಪರ್ದು ಮತ್ತು ಭೇಟಿಯ ಆದೇಶವನ್ನು ಮಾರ್ಪಡಿಸಬಹುದು.

ಎರಡನೇ ಮೋಷನ್ ದಿನ ನ್ಯಾಯಾಧೀಶರು ಒತ್ತಡ ಅಥವಾ ಮೋಸದಿಂದ ಒಪ್ಪಿಗೆ ಪಡೆದಿಲ್ಲವೆಂದು ಖಚಿತಪಡಿಸಿಕೊಂಡು ಡಿಕ್ರಿ ನೀಡುತ್ತಾರೆ. ಆ ಡಿಕ್ರಿಯಲ್ಲಿ "ರಾಜಿ ಪತ್ರದ ಷರತ್ತುಗಳು ಈ ಡಿಕ್ರಿಯ ಭಾಗ" ಎಂಬ ಅರ್ಥದ ಸಾಲು ಇದೆಯೇ ನೋಡಿಕೊಳ್ಳಿ. ಅದಿದ್ದರೆ ಮುಂದೆ ಯಾರಾದರೂ ಮಾತು ತಪ್ಪಿದಾಗ ಅದೇ ಡಿಕ್ರಿಯ ಮೇಲೆ ಅಮಲ್ಜಾರಿ ಅರ್ಜಿ ಹಾಕಬಹುದು. ಇಲ್ಲದಿದ್ದರೆ ಒಪ್ಪಂದವನ್ನು ಸಾಬೀತುಪಡಿಸುವ ಹೊಸ ಹೋರಾಟ ಶುರುವಾಗುತ್ತದೆ. ದೃಢೀಕೃತ ನಕಲು ಕೈಗೆ ಬಂದ ದಿನವೇ ಇಬ್ಬರ ಮತ್ತು ಮಗಳ ಹೆಸರಿನ ಅಕ್ಷರಗಳನ್ನು ಆಧಾರ್ ಕಾರ್ಡಿನೊಂದಿಗೆ, ಮದುವೆಯ ದಿನಾಂಕವನ್ನು ಲಗ್ನಪತ್ರಿಕೆ ಅಥವಾ ನೋಂದಣಿ ಪ್ರಮಾಣಪತ್ರದೊಂದಿಗೆ ಹೋಲಿಸಿ ನೋಡಿ, ತಪ್ಪಿದ್ದರೆ ಅದೇ ನ್ಯಾಯಾಲಯದಲ್ಲಿ ಕೂಡಲೇ ತಿದ್ದಿಸಿಕೊಳ್ಳಿ.